ಬ್ಯಾಕ್‌ಟೆಸ್ಟ್ ಹಾಳೆಯಲ್ಲಿ ಒಂದು ಸಾಲಿನ ಅಂತರ

ತಪ್ಪು ಕಲ್ಪನೆ: ಸಿಗ್ನಲ್ ಬಂದ ಸಾಲಿನಲ್ಲೇ ಪೊಸಿಷನ್ ಹಾಕಬಹುದು.

ಹೊಸಬರ ಹಾಳೆ ಹೆಚ್ಚಾಗಿ ಕೆಡುವುದು ಇಲ್ಲೇ. ನಿಫ್ಟಿ ಇಟಿಎಫ್ ಒಂದರ ಬೆಲೆ 50 ದಿನದ ಸರಾಸರಿಗಿಂತ ಮೇಲಿದ್ದರೆ ಇಟ್ಟುಕೊಳ್ಳುವುದು, ಕೆಳಗಿಳಿದರೆ ಮಾರುವುದು ನಮ್ಮ ನಿಯಮ ಎನ್ನೋಣ. A ಕಾಲಂನಲ್ಲಿ ದಿನಾಂಕ, B ಯಲ್ಲಿ ಮುಕ್ತಾಯದ ಬೆಲೆ. ಬೆಲೆಗಳು 2ನೇ ಸಾಲಿನಿಂದ ಶುರುವಾದರೆ ಮೊದಲ ಸರಾಸರಿ ಸಿಗುವುದು 51ನೇ ಸಾಲಿನಲ್ಲಿ. ಅಲ್ಲಿ E51ಕ್ಕೆ 0, G51ಕ್ಕೆ 100000 ಬರೆದು, ಉಳಿದದ್ದನ್ನು ಹೀಗೆ ತುಂಬಿ ಕೆಳಗೆ ಎಳೆಯಿರಿ:

```
C51: =AVERAGE(B2:B51)
D51: =IF(B51>C51,1,0)
E52: =D51
F52: =B52/B51-1
G52: =G51*(1+E52*F52)
```

D ಸಿಗ್ನಲ್, E ಪೊಸಿಷನ್, G ಈಕ್ವಿಟಿ. ಎಲ್ಲಕ್ಕಿಂತ ಮುಖ್ಯವಾದದ್ದು E52: ಅದು ಹಿಂದಿನ ಸಾಲಿನ ಸಿಗ್ನಲ್ ಅನ್ನು ಓದುತ್ತದೆ. 51ರಿಂದ 53ರವರೆಗಿನ ಸಾಲುಗಳಲ್ಲಿ ಬೆಲೆ 100, 104, 103 ಇದ್ದು, ಸರಾಸರಿ 101ರ ಆಸುಪಾಸಿನಲ್ಲಿದೆ ಎಂದುಕೊಳ್ಳಿ. ಸಿಗ್ನಲ್ 1 ಆಗುವುದು 104ರಲ್ಲಿ ಮುಕ್ತಾಯವಾದ ದಿನ. ಅದೇ ಸಾಲಿನಲ್ಲಿ ಪೊಸಿಷನ್ ಹಾಕಿದರೆ 100ರಿಂದ 104ಕ್ಕೆ ಏರಿದ 4% ನಮ್ಮ ಲೆಕ್ಕಕ್ಕೆ ಸೇರಿ, ಮರುದಿನ ಈಕ್ವಿಟಿ 1,03,000 ತೋರಿಸುತ್ತದೆ. ಸರಿಯಾದ ಸೂತ್ರದಲ್ಲಿ ಬರುವುದು 99,038. ಆ ಏರಿಕೆಯೇ ಸಿಗ್ನಲ್ ಹುಟ್ಟಿಸಿದ್ದು. ಸಿಗ್ನಲ್ ನೋಡಿ ಕೊಳ್ಳುವವನ ಕೈಗೆ ಅದು ಸಿಗುವುದಿಲ್ಲ.

E52 ಸರಿಯಿದ್ದರೂ ಅದು ಸಿಗ್ನಲ್ ಬಂದ ದಿನದ ಮುಕ್ತಾಯದ ಬೆಲೆಗೇ ಕೊಂಡೆವು ಎಂದು ಊಹಿಸುತ್ತದೆ. ಆದ್ದರಿಂದ ಒಂದು ಪರೀಕ್ಷೆ ಮಾಡಿ: E52ಕ್ಕೆ 0 ಬರೆದು, E53ರಲ್ಲಿ `=D51` ಹಾಕಿ ಕೆಳಗೆ ಎಳೆದು, ಇನ್ನೂ ಒಂದು ದಿನ ತಡಮಾಡಿ. ನಿಧಾನವಾದ ಸರಾಸರಿಯ ನಿಯಮ ಒಂದು ದಿನದ ತಡಕ್ಕೆ ಕುಸಿಯಬಾರದು. ಕುಸಿದರೆ ಎಲ್ಲೋ ನಾಳೆಯ ಬೆಲೆ ಇಣುಕಿದೆ ಎಂದು ಅನುಮಾನಿಸಿ ಸೂತ್ರಗಳನ್ನು ಮತ್ತೆ ನೋಡಿ.

ತಪ್ಪು ಕಲ್ಪನೆ: ದಿನದ ಶೇಕಡಾವಾರುಗಳನ್ನು ಕೂಡಿದರೆ ಈಕ್ವಿಟಿ ಕರ್ವ್ ಸಿದ್ಧ.

10% ಏರಿ 10% ಇಳಿದರೆ ಮೊತ್ತ ಸೊನ್ನೆ, ಆದರೆ 100 ರೂಪಾಯಿ 99 ಆಗಿರುತ್ತದೆ. ಅದಕ್ಕೇ G ಯಲ್ಲಿ ಕೂಡುವುದಿಲ್ಲ, ಗುಣಿಸುತ್ತೇವೆ.

ತಪ್ಪು ಕಲ್ಪನೆ: ಖರ್ಚು ಸಣ್ಣದು, ಬಿಟ್ಟರೂ ನಡೆಯುತ್ತದೆ.

ಬೆಲೆ ಸರಾಸರಿಯ ಸುತ್ತಲೇ ಸುಳಿದಾಡುವ ತಿಂಗಳುಗಳಲ್ಲಿ ಸಿಗ್ನಲ್ 1, 0, 1, 0 ಎಂದು ಬದಲಾಗುತ್ತಲೇ ಇರುತ್ತದೆ. ಪ್ರತಿ ಬದಲಾವಣೆಗೂ ಶುಲ್ಕ, ತೆರಿಗೆ, ಬೆಲೆಯ ಜಾರಿಕೆ ಸೇರಿ 0.1% ಎಂದಿಟ್ಟರೆ G52 ಹೀಗಾಗುತ್ತದೆ:

```
=G51*(1+E52*F52-ABS(E52-E51)*0.001)
```

ವರ್ಷಕ್ಕೆ 20 ಸಲ ಕೊಂಡು 20 ಸಲ ಮಾರಿದರೆ ಸುಮಾರು 4% ಇಲ್ಲೇ ಹೋಯಿತು.

ತಪ್ಪು ಕಲ್ಪನೆ: ಕೊನೆಯ ಸಾಲಿನ ಮೊತ್ತ ನೋಡಿದರೆ ಸಾಕು.

H52ರಲ್ಲಿ `=G52/MAX(G$51:G52)-1` ಹಾಕಿ ಕೆಳಗೆ ಎಳೆಯಿರಿ. ಅಲ್ಲಿಯವರೆಗಿನ ಶಿಖರದಿಂದ ಹಣ ಎಷ್ಟು ಇಳಿದಿತ್ತು ಎಂದು ಅದು ತಿಳಿಸುತ್ತದೆ. ಪಕ್ಕದ I51ರಲ್ಲಿ 100000, I52ರಲ್ಲಿ `=I51*(1+F52)` ಹಾಕಿ ಕೆಳಗೆ ಎಳೆದು, G ಮತ್ತು I ಎರಡನ್ನೂ ಒಂದೇ ಚಾರ್ಟ್‌ಗೆ ಹಾಕಿದರೆ, ಏನೂ ಮಾಡದೆ ಸುಮ್ಮನೆ ಇಟ್ಟುಕೊಂಡವರ ಗೆರೆಯೂ ಅಲ್ಲೇ ಬರುತ್ತದೆ. ನಿಯಮದ ಗೆರೆ ಕೊನೆಗೆ ಅದಕ್ಕಿಂತ ಸ್ವಲ್ಪ ಕೆಳಗೆ ನಿಂತರೂ H ನ ಅತಿ ದೊಡ್ಡ ಕುಸಿತ ಆ ಗೆರೆಯ ಕುಸಿತದ ಅರ್ಧದಷ್ಟೇ ಇದ್ದರೆ, ನನ್ನ ಮಟ್ಟಿಗೆ ಆ ನಿಯಮ ಇನ್ನಷ್ಟು ಪರೀಕ್ಷೆಗೆ ಯೋಗ್ಯ.