ನವೆಂಬರಿನಲ್ಲಿ ಬಂದ ಮಗುವಿಗೆ ಇಬ್ಬರು ಜೊತೆಗಾರರು, ಒಂದು ಕಾರ್ಡು

ಕರ್ನಾಟಕದ ಶಾಲಾ ವರ್ಷ ಶುರುವಾಗುವುದು ಮೇ ಕೊನೆಗೆ ಅಥವಾ ಜೂನ್ ಮೊದಲಿಗೆ. ಆರಂಭದ ದಿನಗಳು ಹಿಂದಿನ ವರ್ಷದ ಕಲಿಕೆಯನ್ನು ಸರಿಮಾಡುವ ಸೇತುಬಂಧಕ್ಕೆ ಹೋಗುತ್ತವೆ. ದಸರಾ ರಜೆ ಮುಗಿದು ಮಕ್ಕಳು ಮರಳುವಷ್ಟರಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ, ಊಟದ ಸಾಲಿನಲ್ಲಿ ಯಾರು ಮುಂದೆ, ಆಟಕ್ಕೆ ಯಾರು ಯಾರನ್ನು ಕರೆಯುತ್ತಾರೆ ಎಂಬುದೆಲ್ಲ ಯಾರೂ ಹೇಳಿಕೊಡದೆ ಗಟ್ಟಿಯಾಗಿರುತ್ತದೆ. ಹೊರರಾಜ್ಯದಿಂದ ಬೆಂಗಳೂರಿನ ಅಂಚಿಗೆ ಕಟ್ಟಡ ಕೆಲಸಕ್ಕೋ ಕಾರ್ಖಾನೆಗೋ ಬಂದ ಕುಟುಂಬದ ಮಗು ಇಂಥ ಹೊತ್ತಿನಲ್ಲಿ ತರಗತಿಯ ಬಾಗಿಲಿಗೆ ಬಂದು ನಿಲ್ಲುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವರ್ಷದ ನಡುವೆ ಬಂದಿತೆಂದು ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದೂ ನಿರಾಕರಿಸುವಂತಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಬರೆಯುವವರೆಗೆ ಕಾಯ್ದೆ ಜೊತೆಗಿರುತ್ತದೆ. ಅಲ್ಲಿಂದ ಮುಂದೆ ಮಗುವನ್ನು ತರಗತಿಯೊಳಕ್ಕೆ ಸೇರಿಸಿಕೊಳ್ಳಲು ಶಾಲೆಗಳು ಬಳಸಬಹುದಾದ ಎರಡು ಸರಳ ಸಾಧನಗಳು ಜೊತೆಗಾರರ ಯೋಜನೆ ಮತ್ತು ಸ್ವಾಗತ ಕಾರ್ಡು.

ಒಂದು ಉದಾಹರಣೆ ಹಿಡಿದು ನೋಡಬಹುದು. ಒಡಿಶಾದಿಂದ ಬಂದ ಒಂಬತ್ತು ವರ್ಷದ ಹುಡುಗಿ, ವಯಸ್ಸಿಗೆ ತಕ್ಕಂತೆ ಕನ್ನಡ ಮಾಧ್ಯಮದ ನಾಲ್ಕನೆಯ ತರಗತಿಗೆ ನವೆಂಬರಿನ ಒಂದು ಸೋಮವಾರ ಸೇರುತ್ತಾಳೆ. ಮನೆಮಾತು ಒಡಿಯಾ, ಅದನ್ನು ಓದಲು ಬರೆಯಲು ಬರುತ್ತದೆ. ಅಪ್ಪನಿಗೆ ಕೆಲಸದ ಜಾಗದಲ್ಲಿ ಕಲಿತ ಅಲ್ಪಸ್ವಲ್ಪ ಹಿಂದಿ ಗೊತ್ತು. ಹುಡುಗಿಗೆ ಕನ್ನಡದ ಒಂದು ಪದವೂ ಗೊತ್ತಿಲ್ಲ.

ಮೊದಲ ದಿನ ಅವಳಿಗೆ ಬೇಕಾದದ್ದು ಪಾಠವಲ್ಲ. ಶೌಚಾಲಯ ಎಲ್ಲಿ, ಅಲ್ಲಿಗೆ ಹೋಗಲು ಯಾರನ್ನು ಹೇಗೆ ಕೇಳಬೇಕು, ಕುಡಿಯುವ ನೀರು ಎಲ್ಲಿ, ಚಪ್ಪಲಿ ಎಲ್ಲಿ ಬಿಡಬೇಕು, ಊಟದ ತಟ್ಟೆ ಶಾಲೆಯದೋ ಮನೆಯಿಂದ ತರಬೇಕೋ, ಯಾವ ಗಂಟೆ ಹೊಡೆದರೆ ಮನೆಗೆ ಹೊರಡಬೇಕು ಎಂಬುದು ತಿಳಿದರೆ ಸಾಕು. ಇವುಗಳಲ್ಲಿ ಮೊದಲನೆಯದು ತಿಳಿಯದೆ ಮಧ್ಯಾಹ್ನದವರೆಗೆ ತಡೆದುಕೊಂಡು ಕೂತ ಮಗು ಮರುದಿನ ಶಾಲೆಗೆ ಬರಲು ಒಪ್ಪದಿದ್ದರೆ, ಅದು ಹಟ ಮಾಡುತ್ತಿದೆ ಎಂದು ಮನೆಯವರು ತಿಳಿಯುತ್ತಾರೆ. ಜೊತೆಗಾರರನ್ನು ನೇಮಿಸುವುದು ಮುಖ್ಯವಾಗಿ ಇಂಥ ಕೆಲಸಗಳಿಗೆ.

ಜೊತೆಗಾರರು ಇಬ್ಬರಿರಬೇಕು. ಒಬ್ಬಳೇ ಆದರೆ ಅವಳು ಜ್ವರ ಬಂದು ರಜೆ ಹಾಕಿದ ದಿನ ಹೊಸಬಳು ಮತ್ತೆ ಒಂಟಿ. ಜೊತೆಗೆ, ಮಾತು ಬಾರದವಳ ಪಕ್ಕ ದಿನವಿಡೀ ಇರುವುದು ಒಂಬತ್ತು ವರ್ಷದ ಮಗುವಿಗೆ ಬೇಗ ದಣಿವು ತರುವ ಕೆಲಸ. ಹುಡುಗಿಗೆ ಶೌಚಾಲಯ ತೋರಿಸಬೇಕಾದ್ದರಿಂದ ಇಬ್ಬರಲ್ಲಿ ಒಬ್ಬಳಾದರೂ ಹುಡುಗಿಯೇ ಆಗಿರಬೇಕು. ಒಬ್ಬರ ಮನೆ ಹೊಸಬಳ ಮನೆಯ ದಾರಿಯಲ್ಲಿದ್ದರೆ ಬೆಳಿಗ್ಗೆ ಕೂಡಿ ಬರಬಹುದು.

ಆಯ್ಕೆಯಲ್ಲಿ ಶಿಕ್ಷಕರು ಸಾಮಾನ್ಯವಾಗಿ ಎಡವುವುದು ಎರಡು ಕಡೆ. ಒಂದು, ತರಗತಿಯ ಜಾಣೆಯನ್ನೋ ಲೀಡರನ್ನೋ ಆರಿಸುವುದು. ಲೀಡರು ಎರಡೇ ದಿನದಲ್ಲಿ ಜೊತೆಗಾತಿಯ ಕೆಲಸ ಬಿಟ್ಟು ಮೇಲ್ವಿಚಾರಕಿಯಾಗುತ್ತಾಳೆ. ಹೊಸಬಳ ಪುಸ್ತಕ ಕಸಿದು ತಾನೇ ಬರೆದುಕೊಡುತ್ತಾಳೆ, ‘ಇವಳಿಗೆ ಏನೂ ಬರಲ್ಲ ಮಿಸ್’ ಎಂದು ದೂರನ್ನೂ ಕೊಡುತ್ತಾಳೆ. ಓದಿನಲ್ಲಿ ಸಾಧಾರಣವಾಗಿದ್ದು, ಆಟದಲ್ಲಿ ಇತರರನ್ನು ಸೇರಿಸಿಕೊಳ್ಳುವ, ಕೈಸನ್ನೆಯಲ್ಲಿ ಮಾತಾಡಲು ನಾಚದ ಮಗು ಈ ಕೆಲಸಕ್ಕೆ ಹೆಚ್ಚು ಸೂಕ್ತ. ಇನ್ನೊಂದು, ಶಾಲೆಯಲ್ಲಿ ಒಡಿಯಾ ಬಲ್ಲ ಮತ್ತೊಂದು ಮಗು ಇದ್ದರೆ ಇಡೀ ಹೊಣೆಯನ್ನು ಅದರ ಹೆಗಲಿಗೆ ಹಾಕುವುದು. ಮೊದಲ ದಿನ ಆ ಮಗುವಿನ ನೆರವು ಅಮೂಲ್ಯ, ನಿಜ. ಆದರೆ ಐದನೆಯ ತರಗತಿಯ ಹುಡುಗನನ್ನು ದಿನಕ್ಕೆ ಹತ್ತು ಸಲ ಅವನ ಪಾಠದಿಂದ ಎಬ್ಬಿಸಿ ದುಭಾಷಿಯಾಗಿ ಕರೆಸುವುದು ಅವನಿಗೆ ಅನ್ಯಾಯ. ಹೊಸಬಳಿಗೂ ಕನ್ನಡದ ಅಗತ್ಯವೇ ಬೀಳುವುದಿಲ್ಲ. ಯಾರನ್ನೇ ಆರಿಸಲಿ, ‘ನಿನಗೆ ಇಷ್ಟವೇ?’ ಎಂದು ಮೊದಲು ಕೇಳಬೇಕು. ಶಿಕ್ಷೆಯಾಗಿ ಒಪ್ಪಿಸಿದ ಜೊತೆ ನಿಲ್ಲುವುದಿಲ್ಲ.

ಒಪ್ಪಿದವರಿಗೆ ಕೆಲಸವನ್ನು ಮಾಡಿ ತೋರಿಸಿಯೇ ಹೇಳಿಕೊಡಬೇಕು. ‘ಚೆನ್ನಾಗಿ ನೋಡಿಕೊಳ್ಳಿ’ ಎಂದರೆ ಮಕ್ಕಳಿಗೆ ಏನೂ ತಿಳಿಯುವುದಿಲ್ಲ. ಮೊದಲ ದಿನ ಪ್ರಾರ್ಥನೆಗೆ ಮುಂಚೆ ಗೇಟಿನಿಂದ ತರಗತಿಗೆ, ಅಲ್ಲಿಂದ ನಲ್ಲಿ, ಶೌಚಾಲಯ, ಅಡುಗೆಮನೆ, ಮುಖ್ಯ ಶಿಕ್ಷಕರ ಕೊಠಡಿಗೆ ಒಂದು ಸುತ್ತು. ಬೆಳಗಿನ ವಿರಾಮದಲ್ಲಿ ಕೇಳುವವರೆಗೆ ಕಾಯದೆ ಶೌಚಾಲಯದ ಕಡೆ ಕರೆದುಕೊಂಡು ಹೋಗುವುದು. ಊಟಕ್ಕೆ ಪಕ್ಕದಲ್ಲಿ ಕೂರುವುದು. ಅನ್ನ ಅವಳಿಗೆ ಹೊಸದಲ್ಲ, ಆದರೆ ಹುಣಸೆಹಣ್ಣಿನ ಹುಳಿ ಮತ್ತು ಖಾರ ಕೂಡಿದ ನಮ್ಮ ಸಾಂಬಾರು ಹೊಸದಾಗಿರಬಹುದು. ತಟ್ಟೆಯಲ್ಲಿ ಬಿಟ್ಟರೆ ನಗಬಾರದು ಎಂಬುದನ್ನೂ ಹೇಳಿಕೊಡಬೇಕು. ಜೊತೆಗಾರರು ಮಾಡಬಾರದ್ದೂ ಇದೆ: ಅವಳ ಬದಲು ಉತ್ತರ ಹೇಳುವುದು, ನೋಟ್ಸ್ ಬರೆದುಕೊಡುವುದು. ಅವಳು ಅತ್ತರೆ, ಹೊಟ್ಟೆನೋವೆಂದರೆ, ಯಾರಾದರೂ ಅವಳ ಮಾತನ್ನು ಅಣಕಿಸಿದರೆ ಅದನ್ನು ಮಕ್ಕಳೇ ಸರಿಮಾಡಲು ಹೋಗದೆ ಕೂಡಲೇ ಶಿಕ್ಷಕರಿಗೆ ತಿಳಿಸಬೇಕು. ಮಕ್ಕಳ ಹೊಣೆ ಅಲ್ಲಿಗೆ ಮುಗಿಯುತ್ತದೆ.

ಸ್ವಾಗತ ಕಾರ್ಡು ಎಂದ ಕೂಡಲೇ ಮಿನುಗುಪುಡಿ ಹಚ್ಚಿ, ನಲವತ್ತು ಮಕ್ಕಳು ಸಹಿ ಹಾಕಿದ ಬಣ್ಣದ ಹಾಳೆ ಕಣ್ಣಿಗೆ ಬರುತ್ತದೆ. ಕನ್ನಡ ಓದಲು ಬಾರದ ಹುಡುಗಿಗೆ ಆ ನಲವತ್ತು ಸಹಿಗಳಿಂದ ಯಾವ ಉಪಯೋಗವೂ ಇಲ್ಲ. ಕಾರ್ಡು ಅವಳು ಬೆರಳಿಟ್ಟು ತೋರಿಸಿ ಕೆಲಸ ಸಾಧಿಸಿಕೊಳ್ಳುವಂತಿರಬೇಕು. ಎ4 ಅಳತೆಯ ದಪ್ಪ ಹಾಳೆಯನ್ನು ನಡುವೆ ಮಡಿಸಿದರೆ ನಾಲ್ಕು ಪುಟ ಸಿಗುತ್ತವೆ, ಅಷ್ಟು ಸಾಕು. ಮೇಲಿನ ಪುಟದಲ್ಲಿ ಅವಳ ಹೆಸರು ಎರಡು ಲಿಪಿಗಳಲ್ಲಿ, ಕನ್ನಡ ಮತ್ತು ಒಡಿಯಾ. ಹೆಸರನ್ನು ಮನೆಯಲ್ಲಿ ಕರೆಯುವಂತೆಯೇ ಉಚ್ಚರಿಸುವುದನ್ನು ಶಿಕ್ಷಕರು ಅಪ್ಪನ ಬಾಯಿಂದ ಕೇಳಿ ಕಲಿತು, ತರಗತಿಗೂ ಕಲಿಸಬೇಕು. ಒಳಗಿನ ಎಡಪುಟದಲ್ಲಿ ಶಾಲೆಯ ನಕ್ಷೆ ಮತ್ತು ದಿನದ ವೇಳೆ. ಗಡಿಯಾರದ ಚಿತ್ರದೊಂದಿಗೆ ಪ್ರಾರ್ಥನೆ, ವಿರಾಮ, ಊಟ, ಮನೆಗೆ ಹೋಗುವ ಹೊತ್ತು. ಒಳಗಿನ ಬಲಪುಟವೇ ಕಾರ್ಡಿನ ಜೀವ. ಅಲ್ಲಿ ಎಂಟು ಚೌಕಗಳು: ನೀರು, ಶೌಚಾಲಯ, ಊಟ ಬೇಕು, ಸಾಕು, ಹೊಟ್ಟೆನೋವು, ಅರ್ಥವಾಗಲಿಲ್ಲ, ಸಹಾಯ ಬೇಕು, ನಾನೂ ಆಟಕ್ಕೆ ಬರಲೇ. ಪ್ರತಿಯೊಂದರಲ್ಲೂ ಒಂದು ಚಿತ್ರ, ಒಡಿಯಾ ಬರಹ, ಕನ್ನಡ ಬರಹ, ಮತ್ತು ಆ ಕನ್ನಡದ ಉಚ್ಚಾರಣೆ ಒಡಿಯಾ ಲಿಪಿಯಲ್ಲಿ. ಕೊನೆಯ ಚೌಕವನ್ನು ದೊಡ್ಡವರು ಮರೆಯುತ್ತಾರೆ. ಹುಡುಗಿ ಮೊದಲು ಬಳಸುವುದು ಬಹುಶಃ ಅದನ್ನೇ. ಹಿಂದಿನ ಪುಟ ಮನೆಯವರಿಗೆ: ಶಾಲೆ ಬಿಡುವ ಹೊತ್ತು, ರಜೆಗಳು, ಏನಾದರೂ ಆದರೆ ಯಾರನ್ನು ಕೇಳಬೇಕು ಎಂಬ ವಿವರ. ಕಾರ್ಡು ದಾರಿಯಲ್ಲಿ ಕಳೆದು ಯಾರ ಕೈಗಾದರೂ ಸಿಗಬಹುದಾದ್ದರಿಂದ ಅವಳ ಮನೆಯ ವಿಳಾಸ, ಅಪ್ಪನ ಫೋನ್ ನಂಬರು ಅದರಲ್ಲಿ ಬೇಡ.

ಒಡಿಯಾ ಬರಹವನ್ನು ಫೋನಿನ ಅನುವಾದದಿಂದ ನಕಲು ಮಾಡಿ ಅಂಟಿಸುವುದು ಸುಲಭ, ಆದರೆ ಅಪಾಯ. ಅಪ್ಪ, ಅಮ್ಮ ಅಥವಾ ಕೆಲಸದ ಜಾಗದಲ್ಲಿ ಓದುಬರಹ ಬಲ್ಲ ಒಬ್ಬರ ಕೈಯಿಂದ ಬರೆಸಿ, ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಓದು ಬಾರದ ಮಗುವಾದರೆ ಚಿತ್ರವೊಂದೇ ಸಾಕು. ವಲಸೆ ಕುಟುಂಬಗಳು ಮೊದಲೇ ತಿಳಿಸಿ ಬರುವುದಿಲ್ಲವಾದ್ದರಿಂದ ನಕ್ಷೆ, ವೇಳೆ, ಚಿತ್ರ ಮತ್ತು ಕನ್ನಡ ಬರಹ ತುಂಬಿದ ಅರೆಸಿದ್ಧ ಕಾರ್ಡುಗಳು ನಾಲ್ಕಾರು ಮುಖ್ಯ ಶಿಕ್ಷಕರ ಮೇಜಿನಲ್ಲಿರಬೇಕು. ಮಗು ಬಂದ ದಿನ ಹೆಸರು ಮತ್ತು ಮನೆಮಾತು ಸೇರಿಸಿದರೆ ಆಯಿತು.

ಒಡಿಯಾ ಓದಬಲ್ಲ ಮಗುವಿಗೆ ಕನ್ನಡ ಕಲಿಸುವುದು ಸೊನ್ನೆಯಿಂದಲ್ಲ. ಎರಡೂ ಲಿಪಿಗಳ ಮೂಲ ಬ್ರಾಹ್ಮಿ. ವರ್ಣಮಾಲೆಯ ಕ್ರಮ ಬಹುಮಟ್ಟಿಗೆ ಒಂದೇ. ಕ ಖ ಗ ಘ ಎಂದು ಅವಳು ಆಗಲೇ ಬಾಯಿಪಾಠ ಹೇಳಬಲ್ಲಳು, ಬೇಕಿರುವುದು ಹೊಸ ಆಕಾರಗಳು. ದಿನಕ್ಕೆ ಹತ್ತು ನಿಮಿಷ ಜೊತೆಗಾತಿ ಒಂದೆರಡು ಕನ್ನಡ ಅಕ್ಷರ ತೋರಿಸಿ, ಹೊಸಬಳು ಅದರ ಒಡಿಯಾ ಜೋಡಿ ಬರೆದರೆ ಇಬ್ಬರೂ ಕಲಿಯುತ್ತಾರೆ. ಎಡವುವ ಜಾಗಗಳೂ ಮೊದಲೇ ಗೊತ್ತಿರುವಂಥವು. ಒಡಿಯಾದಲ್ಲಿ ಅಕಾರದ ಉಚ್ಚಾರಣೆ ಒಕಾರದತ್ತ ವಾಲುವುದರಿಂದ ‘ಮರ’ ಅವಳ ಬಾಯಲ್ಲಿ ‘ಮೊರೊ’ ಆಗಬಹುದು. ಎ–ಏ, ಒ–ಓ ಎಂಬ ಹ್ರಸ್ವ–ದೀರ್ಘ ಭೇದ ಆ ಭಾಷೆಯಲ್ಲಿಲ್ಲ, ಹಾಗಾಗಿ ‘ಕೊಡು’ ಮತ್ತು ‘ಕೋಡು’ ಅವಳಿಗೆ ಒಂದೇ ರೀತಿ ಕೇಳಿಸುತ್ತವೆ. ಇದನ್ನು ತಿಳಿದ ಶಿಕ್ಷಕರು ಅದನ್ನು ದಡ್ಡತನವೆಂದು ಎಣಿಸುವುದಿಲ್ಲ. ಒಡಿಯಾ ಅಂಕಿಗಳಲ್ಲೇ ಲೆಕ್ಕ ಮಾಡಿ ರೂಢಿಯಿದ್ದರೆ ಸೊನ್ನೆಯಿಂದ ಒಂಬತ್ತರವರೆಗಿನ ಜೋಡಿಪಟ್ಟಿಯೊಂದನ್ನು ಗಣಿತದ ಪುಸ್ತಕದ ರಟ್ಟಿಗೆ ಅಂಟಿಸಿದರೆ, ಕನ್ನಡ ಬರುವ ಮುಂಚೆಯೇ ತರಗತಿಯೆದುರು ಅವಳು ಸರಿಯಾಗಿ ಮಾಡಬಲ್ಲ ಒಂದು ಕೆಲಸ ಸಿಗುತ್ತದೆ.

ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಮಾತೇ ಆಡದಿರುವುದು ಸಹಜ. ಆ ಮೌನ ಆತಂಕದ್ದೋ ಅಲ್ಲವೋ ತಿಳಿಯಲು ಬಾಯಿಯ ಬದಲು ಉಳಿದುದನ್ನು ಗಮನಿಸಬೇಕು. ಊಟ ಮಾಡುತ್ತಾಳೆಯೇ? ಕಾರ್ಡಿನ ಚೌಕ ತೋರಿಸುತ್ತಾಳೆಯೇ? ಕುಂಟೆಬಿಲ್ಲೆಯಲ್ಲಿ ತನ್ನ ಸರದಿಗೆ ನಿಲ್ಲುತ್ತಾಳೆಯೇ? ಇವು ನಡೆಯುತ್ತಿದ್ದರೆ ಅವಳು ಕಿವಿಯಲ್ಲಿ ಕಲಿಯುತ್ತಿದ್ದಾಳೆ, ಬಲವಂತವಾಗಿ ಮಾತಾಡಿಸಬೇಕಿಲ್ಲ. ಊಟ ಬಿಡುತ್ತಾ, ಆಟದ ಹೊತ್ತಿನಲ್ಲೂ ತರಗತಿಯಲ್ಲೇ ಉಳಿಯುತ್ತಾ, ವಾರದಲ್ಲಿ ಎರಡು ಮೂರು ದಿನ ಗೈರಾಗುತ್ತಿದ್ದರೆ ಮನೆಯವರನ್ನು ಕರೆಸಿ ಮಾತಾಡುವ ಸಮಯ ಬಂದಿದೆ. ಮೊದಲ ವಾರ ದಿನವೂ, ನಂತರ ವಾರಕ್ಕೊಮ್ಮೆ, ಶಿಕ್ಷಕರು ಜೊತೆಗಾರರೊಂದಿಗೆ ಎರಡು ನಿಮಿಷ ಮಾತಾಡಿದರೆ ಇದೆಲ್ಲ ತಿಳಿಯುತ್ತದೆ. ಮಕ್ಕಳು ಬೇರೆಯವರ ವಿಷಯದಲ್ಲಿ ಸೂಕ್ಷ್ಮ ವರದಿಗಾರರು.

ಎರಡು ವಾರವಾದ ಮೇಲೆ ಜೊತೆಗಾರರಲ್ಲಿ ಒಬ್ಬರನ್ನು ಬದಲಿಸಬೇಕು, ನಾಲ್ಕನೆಯ ವಾರ ಯೋಜನೆಯನ್ನೇ ನಿಲ್ಲಿಸಬೇಕು. ಹಾಗೆ ಮಾಡದಿದ್ದರೆ ಅವಳು ಮೊದಲ ಇಬ್ಬರಿಗೇ ಅಂಟಿಕೊಳ್ಳುತ್ತಾಳೆ, ತರಗತಿಯ ಉಳಿದವರು ಅವಳನ್ನು ಆ ಇಬ್ಬರ ಪಾಲೆಂದು ಬಿಟ್ಟುಬಿಡುತ್ತಾರೆ. ಇಷ್ಟಾದರೂ ಜೊತೆಗಾರರಿಂದ ಆಗದ ಕೆಲಸ ಉಳಿದೇ ಇರುತ್ತದೆ: ನಾಲ್ಕನೆಯ ತರಗತಿಯ ಪಾಠವನ್ನು ಕನ್ನಡದಲ್ಲಿ ಓದಿ ಗ್ರಹಿಸುವ ಮಟ್ಟಕ್ಕೆ ಅವಳನ್ನು ತರುವುದು. ವಯಸ್ಸಿಗೆ ತಕ್ಕ ತರಗತಿಗೆ ಸೇರಿದ ಮಗು ಉಳಿದವರಿಗೆ ಸರಿಸಮನಾಗಲು ವಿಶೇಷ ತರಬೇತಿ ಪಡೆಯುವ ಹಕ್ಕನ್ನು ಕಾಯ್ದೆಯ ನಾಲ್ಕನೆಯ ಕಲಂ ಕೊಡುತ್ತದೆ. ಅದು ಶಾಲೆಯ ಹೊಣೆ, ಸಹಪಾಠಿಗಳದಲ್ಲ.

ಕಟ್ಟಡ ಮುಗಿದೊಡನೆ ಈ ಕುಟುಂಬ ಇನ್ನೊಂದು ಬಡಾವಣೆಗೋ ಊರಿಗೋ ಹೊರಡಬಹುದು. ಹೋಗುವ ದಿನ ಅಪ್ಪ ಮರೆಯದೆ ಕೇಳಿ ಪಡೆಯಬೇಕಾದದ್ದು ವರ್ಗಾವಣೆ ಪತ್ರ. ಕೇಳಿದ ಕೂಡಲೇ ಅದನ್ನು ಕೊಡುವುದು ಮುಖ್ಯ ಶಿಕ್ಷಕರ ಕರ್ತವ್ಯ. ಅದು ಬರುವುದು ತಡವಾಯಿತೆಂದು ಮುಂದಿನ ಶಾಲೆ ಪ್ರವೇಶವನ್ನು ತಡಮಾಡುವಂತಿಲ್ಲ, ನಿರಾಕರಿಸುವಂತೆಯೂ ಇಲ್ಲ.