ಹಟವೋ, ವ್ಯಾಧಿಯೋ?

ಪ್ರಶ್ನೆ: ಎಂಟು ವರ್ಷದ ಮಗನು ಗಂಜಿ, ಹಾಲುಗಳನ್ನಲ್ಲದೆ ಬೇರೇನನ್ನೂ ಮುಟ್ಟುವುದಿಲ್ಲ. ಇದು ಬರಿಯ ಹಟವೇ?

ಉತ್ತರ: ಎಳೆಯ ಮಕ್ಕಳು ಸೊಪ್ಪು ತರಕಾರಿಗಳನ್ನು ತಟ್ಟೆಯ ಅಂಚಿಗೆ ಸರಿಸುವುದು ಸಾಮಾನ್ಯವಾದರೂ, ಅಂಥ ಮಗು ರುಚಿಸಿದ್ದನ್ನು ಸಾಕಷ್ಟು ಉಂಡು ವಯಸ್ಸಿಗೆ ತಕ್ಕಂತೆ ಬೆಳೆಯುತ್ತಿರುತ್ತದೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ಕೈಪಿಡಿಯಲ್ಲಿ ಸೇರಿಸಿದ ‘ಆರ್ಫಿಡ್’ ಎಂಬ ವ್ಯಾಧಿಯಲ್ಲಾದರೋ, ಆಹಾರವರ್ಜನೆಯ ಫಲವಾಗಿ ತೂಕವು ಕುಗ್ಗುವುದು, ಪೋಷಕಾಂಶಗಳ ಕೊರತೆಯುಂಟಾಗುವುದು, ಇಲ್ಲವೆ ಮಗು ಪರರೊಡನೆ ಪಂಕ್ತಿಯಲ್ಲಿ ಕೂರಲಾರದಂತಾಗುವುದು.

ಚಕ್ಕುಲಿಯ ತುಂಡು ಗಂಟಲಲ್ಲಿ ಸಿಕ್ಕಿ ಉಸಿರುಗಟ್ಟಿದ ಬಾಲಕನೊಬ್ಬನು ಅಂದಿನಿಂದ ಗಟ್ಟಿ ಪದಾರ್ಥಗಳನ್ನೆಲ್ಲ ತ್ಯಜಿಸಿದನೆನ್ನೋಣ. ವೈದ್ಯರು ಅವನ ಹಿಂದಿನ ತೂಕ, ಎತ್ತರಗಳನ್ನು ಬೆಳವಣಿಗೆಯ ನಕ್ಷೆಯಲ್ಲಿ ಗುರುತಿಸಿ, ರೇಖೆಯು ಎಂದಿನಿಂದ ಕೆಳಗಿಳಿಯಿತೆಂಬುದನ್ನು ಮೊದಲು ಕಾಣುವರು; ಇಂದಿನ ತೂಕವೊಂದನ್ನೇ ನೋಡಿದರೆ, ಮೊದಲು ಪುಷ್ಟನಾಗಿದ್ದವನ ಇಳಿತವು ಕಣ್ತಪ್ಪೀತು. ತರುವಾಯ ಕೆಲವು ದಿನಗಳ ಊಟದ ವಿವರವನ್ನು ಬರೆಯಿಸಿ, ರಕ್ತದಲ್ಲಿ ಕಬ್ಬಿಣಾಂಶವನ್ನು ಪರೀಕ್ಷಿಸಿ, ನುಂಗುವಾಗ ನೋಯಿಸುವ ಅನ್ನನಾಳದ ಉರಿಯೂತವಿಲ್ಲವೆಂದು ಖಚಿತಪಡಿಸಿಕೊಳ್ಳುವರು.

ಅನಂತರದ ಪ್ರಶ್ನೆಯೇ ನನ್ನ ಮತದಲ್ಲಿ ಮುಖ್ಯವಾದುದು: ಉಣ್ಣದಿರುವುದೇತಕ್ಕೆ? ದಪ್ಪಗಾಗುವೆನೆಂಬ ಭೀತಿಯಿದ್ದರೆ ಅದು ಬೇರೊಂದು ವ್ಯಾಧಿ. ಆರ್ಫಿಡ್‌ನಲ್ಲಿ ಕಾರಣವು ಪದಾರ್ಥದ ಸ್ಪರ್ಶಗಂಧಗಳ ಅಸಹ್ಯವೋ, ಹಸಿವಿನ ಅಭಾವವೋ, ಈ ಬಾಲಕನಂತೆ ಉಸಿರುಗಟ್ಟುವ ಭಯವೋ ಆಗಿರುವುದು. ‘ಹಸಿದರೆ ತಾನೇ ತಿಂದಾನು’ ಎಂಬ ಹಿರಿಯರ ಮಾತು ಹಟಮಾರಿಯಲ್ಲಿ ಫಲಿಸೀತು. ಇಂಥವನಾದರೋ ಹಸಿದೇ ಇರುವನು.