‘ಪರವಾಗಿಲ್ಲ ಬಿಡು’ ಅಂದರೆ ಏನರ್ಥ?

ಗೆಳತಿಯ ಮಗಳ ನಾಮಕರಣಕ್ಕೆ ಹೋಗೋಕಾಗಲಿಲ್ಲ. ಹಿಂದಿನ ರಾತ್ರಿ ನನ್ನ ಮಗನಿಗೆ ಜ್ವರ ಏರಿತ್ತು. ಬೆಳಿಗ್ಗೆ ಎದ್ದವಳೇ ವಾಟ್ಸ್ಆ್ಯಪ್‌ನಲ್ಲಿ ವಿಷಯ ಬರೆದು, ಕೊನೆಗೆ ‘ಸಾರಿ ಕಣೇ’ ಅಂತ ಸೇರಿಸಿದೆ. ಒಂದು ಗಂಟೆ ಬಿಟ್ಟು ಉತ್ತರ ಬಂತು: ‘ಪರವಾಗಿಲ್ಲ ಬಿಡು.’ ಓದಿ ನಿರಾಳವಾದೆ. ಅದನ್ನು ಅವಳು ಕಣ್ಣೊರೆಸಿಕೊಂಡು ಬರೆದಿದ್ದಳು ಅನ್ನೋದು ಗೊತ್ತಾದದ್ದು ಮೂರು ವಾರದ ಮೇಲೆ, ಇನ್ನೊಬ್ಬ ಗೆಳತಿಯ ಬಾಯಿಂದ.

ಆ ಎರಡು ಪದಗಳನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ‘ಬಿಡೂ’ ಅಂತ ಕೊನೆಯನ್ನು ಸ್ವಲ್ಪ ಎಳೆದರೆ ಸಮಾಧಾನ ಹೇಳಿದಂತೆ. ‘ಬಿಡು’ ಅಂತ ತುಂಡರಿಸಿ ನಿಲ್ಲಿಸಿದರೆ, ಇನ್ನು ಈ ಮಾತು ಸಾಕು ಅಂದಂತೆ. ‘ಆಯ್ತು’ ಕೂಡ ಹಾಗೇ. ಒಪ್ಪಿಗೆ, ಬೇಸರ, ಸೋಲು, ಸಿಟ್ಟು ಎಲ್ಲಕ್ಕೂ ನಮ್ಮಲ್ಲಿ ಅದೊಂದೇ ಪದ ಸಾಕಾಗುತ್ತದೆ, ಯಾಕೆಂದರೆ ಉಳಿದದ್ದನ್ನು ದನಿ ನೋಡಿಕೊಳ್ಳುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವವರಿಗೆ ಇನ್ನೂ ಒಂದು ತೊಡಕು. bartiya ಅಂತ ಬಂದರೆ ಅದು ‘ಬರ್ತೀಯ’ ಅನ್ನೋ ನಂಬಿಕೆಯೋ, ‘ಬರ್ತೀಯಾ’ ಅನ್ನೋ ಪ್ರಶ್ನೆಯೋ? ಪ್ರಶ್ನೆ ಇರೋದು ಕೊನೆಯ ದೀರ್ಘದಲ್ಲಿ. ಬರೆಯುವಾಗ ಬಿದ್ದುಹೋಗುವುದೂ ಅದೇ.

ಬರೆದವರಿಗೆ ಈ ನಷ್ಟ ಕಾಣುವುದಿಲ್ಲ. ಬರೆಯುವಾಗ ನಮ್ಮ ದನಿ ನಮ್ಮ ಕಿವಿಯಲ್ಲಿ ಇರುತ್ತದಲ್ಲ, ಓದುವವರಿಗೂ ಅದೇ ಕೇಳಿಸುತ್ತದೆ ಅಂದುಕೊಳ್ಳುತ್ತೇವೆ. ಅಮೆರಿಕದ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಅಳೆಯಿತು. ವಿದ್ಯಾರ್ಥಿಗಳು ಕೆಲವು ವಾಕ್ಯಗಳನ್ನು ಗಂಭೀರವಾಗಿ, ಕೆಲವನ್ನು ಕುಹಕವಾಗಿ ಜೊತೆಗಾರರಿಗೆ ತಲುಪಿಸಬೇಕಿತ್ತು. ನೂರಕ್ಕೆ ಸುಮಾರು 78 ಸಲ ಸರಿಯಾಗಿ ಅರ್ಥವಾಗುತ್ತದೆ ಅಂತ ಕಳಿಸುವವರು ನಂಬಿದ್ದರು. ದನಿಯಲ್ಲಿ ಹೇಳಿದಾಗ ಹೆಚ್ಚುಕಡಿಮೆ ಹಾಗೇ ಆಯಿತು. ಇಮೇಲ್‌ನಲ್ಲಿ ಬರೆದಾಗ ಸರಿಯಾದದ್ದು 56 ಸಲ. ಸುಮ್ಮನೆ ಊಹಿಸಿದ್ದರೂ 50 ಸಿಗುತ್ತಿತ್ತು.

ನಾಮಕರಣದ ವಿಷಯ ತಿಳಿದ ದಿನ ಮತ್ತೆ ಟೈಪ್ ಮಾಡಲು ಕೂತೆ. ನಾಲ್ಕು ಸಾಲು ಬರೆದು ಅಳಿಸಿದೆ. ಮನಸ್ಸಿನಿಂದ ಬಂದದ್ದೂ ಬರಹದಲ್ಲಿ ರಜೆ ಚೀಟಿಯ ಹಾಗೆ ಕಾಣುತ್ತಿತ್ತು. ಕೊನೆಗೆ ಮೈಕ್ ಒತ್ತಿ ಮಾತಾಡಿದೆ. ‘ನೀನು ಬೇಜಾರಾಗಿದ್ದೀಯ ಅಂತ ಈಗ ಗೊತ್ತಾಯ್ತು ಕಣೇ. ಅವತ್ತು ಸಂಜೆನಾದ್ರೂ ಒಂದು ಫೋನ್ ಮಾಡ್ಬೇಕಿತ್ತು, ಮಾಡ್ಲಿಲ್ಲ. ತಪ್ಪು ನಂದು.’ ನಡುವೆ ಒಂದು ಕಡೆ ಗಂಟಲು ಕಟ್ಟಿತು. ಅಳಿಸಿ ಹೊಸದಾಗಿ ಹೇಳಬಹುದಿತ್ತು, ಹೇಳಲಿಲ್ಲ. ಒಟ್ಟು ನಲವತ್ತು ಸೆಕೆಂಡು. ಮೈಕಿನ ಗುರುತು ನೀಲಿಯಾಯಿತು, ಅಂದರೆ ಕೇಳಿದ್ದಾಳೆ. ಅರ್ಧ ಗಂಟೆಯಲ್ಲಿ ಅವಳೇ ಫೋನ್ ಮಾಡಿದಳು.

ಕ್ಷಮೆ ಕೇಳುವುದಕ್ಕೆ ವಾಯ್ಸ್ ನೋಟೇ ಸರಿ, ಆದರೆ ಒಂದು ನಿಮಿಷದ ಒಳಗೆ, ಅನ್ನೋದು ನನ್ನ ಅಭಿಪ್ರಾಯ. ನಿಮಿಷ ದಾಟಿದರೆ ಕ್ಷಮೆ ಹೋಗಿ ವಿವರಣೆ ಶುರುವಾಗುತ್ತದೆ. ಸಿಟ್ಟು ಬಂದಾಗ ಮಾತ್ರ ಮೈಕ್ ಮುಟ್ಟಬಾರದು. ವಾಟ್ಸ್ಆ್ಯಪ್‌ನಲ್ಲಿ ಬರೆದ ಸಂದೇಶವನ್ನು 15 ನಿಮಿಷದೊಳಗೆ ತಿದ್ದಬಹುದು. ದನಿಯನ್ನು ಅಳಿಸಬಹುದೇ ಹೊರತು ತಿದ್ದಲಾಗದು, ಅಷ್ಟರಲ್ಲಿ ಅವರು ಕೇಳಿಯೇಬಿಟ್ಟಿರಬಹುದು.

ದನಿ ಮೈಗೂ ತಾಗುತ್ತದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಲೆಸ್ಲಿ ಸೆಲ್ಟ್ಜರ್ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರ ಮುಂದೆ ಭಾಷಣ ಮಾಡಿ, ಲೆಕ್ಕ ಬಿಡಿಸಿ ಒತ್ತಡಕ್ಕೊಳಗಾದ ಹುಡುಗಿಯರಿಗೆ ಅಮ್ಮನ ಜೊತೆ ಮಾತಾಡಲು ಬಿಟ್ಟರು. ಎದುರಿಗೆ ಅಥವಾ ಫೋನಿನಲ್ಲಿ ಮಾತಾಡಿದವರ ದೇಹದಲ್ಲಿ ಒತ್ತಡದ ಹಾರ್ಮೋನು ಇಳಿಯಿತು. ಅಮ್ಮನೊಡನೆ ಬರೀ ಚಾಟ್ ಮಾಡಿದವರಲ್ಲಿ, ಯಾರ ಜೊತೆಯೂ ಮಾತಾಡದವರ ಹಾಗೇ, ಅದು ಮೇಲೇ ಉಳಿಯಿತು. ಅಲ್ಲಿದ್ದದ್ದು ನೇರ ಮಾತು, ವಾಯ್ಸ್ ನೋಟ್ ಅಲ್ಲ. ಮಕ್ಕಳು, ಅಮ್ಮಂದಿರು, ಗೆಳತಿಯರಲ್ಲ. ಆದರೂ ದುಃಖದಲ್ಲಿರುವವರಿಗೆ ‘ಧೈರ್ಯವಾಗಿರು’ ಅಂತ ಟೈಪ್ ಮಾಡುವ ಮುಂಚೆ ನನಗೆ ಆ ಹುಡುಗಿಯರು ನೆನಪಾಗುತ್ತಾರೆ.

ಇಷ್ಟಾದ ಮೇಲೆ ನಾನು ಎಲ್ಲದಕ್ಕೂ ವಾಯ್ಸ್ ನೋಟ್ ಕಳಿಸತೊಡಗಿದೆ. ಅದೇ ಗೆಳತಿಯ ಅಪ್ಪನಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ ದಿನ ಅದು ಕೈಕೊಟ್ಟಿತು. ರಕ್ತ ಬೇಕಾಗಬಹುದು ಅಂತ ಅವಳು ಬರೆದಿದ್ದಳು. ನಾನು ಎರಡು ನಿಮಿಷ ನಲವತ್ತು ಸೆಕೆಂಡಿನ ವಾಯ್ಸ್ ನೋಟ್ ಕಳಿಸಿದೆ. ಮೊದಲು ಸಮಾಧಾನ, ಆಮೇಲೆ ನನ್ನ ಅತ್ತೆಯವರಿಗೂ ಹೀಗೇ ಆಗಿದ್ದ ಕಥೆ, ಕೊನೆಗೆ ರಕ್ತ ಕೊಡಲು ಸಿದ್ಧರಿದ್ದ ಪರಿಚಯದವರೊಬ್ಬರ ಫೋನ್ ನಂಬರು. ಅವಳು ಐಸಿಯು ಹೊರಗಿನ ಬೆಂಚಿನ ಮೇಲಿದ್ದಳು. ಇಯರ್‌ಫೋನ್ ಇಲ್ಲ, ಅಕ್ಕಪಕ್ಕ ಜನ. ಅವಳ ಪರದೆಯಲ್ಲಿ ಕಂಡದ್ದು 2:40 ಅನ್ನೋ ಅಂಕಿ ಮಾತ್ರ. ಒಳಗೆ ನಂಬರಿದೆ ಅನ್ನೋದು ಹೇಗೆ ಗೊತ್ತಾಗಬೇಕು? ಒಂದೂವರೆ ಗಂಟೆ ಬಿಟ್ಟು ಕೇಳಿದಳು. ಹತ್ತು ಅಂಕಿ ಬರೆದುಕೊಳ್ಳಲು ಮೂರು ಸಲ ಹಿಂದಕ್ಕೆ ಎಳೆದಳಂತೆ.

ವಾಯ್ಸ್ ನೋಟ್ ಕಳಿಸುವವರ ಶ್ರಮ ಉಳಿಸಿ ಕೇಳುವವರ ಮೇಲೆ ಹಾಕುತ್ತದೆ. ಬರಹವನ್ನು ಕಣ್ಣಾಡಿಸಿ ಬೇಕಾದ್ದನ್ನು ಹೆಕ್ಕಬಹುದು, ನಾಳೆ ಹುಡುಕಿ ತೆಗೆಯಬಹುದು, ನಂಬರಿದ್ದರೆ ಒತ್ತಿ ಫೋನ್ ಮಾಡಬಹುದು. ದನಿಯನ್ನು ಮೊದಲಿನಿಂದ ಕೇಳಿಯೇ ತೀರಬೇಕು. 2013ರಲ್ಲಿ ವಾಟ್ಸ್ಆ್ಯಪ್‌ಗೆ ವಾಯ್ಸ್ ನೋಟ್ ಬಂತು, 2021ರಲ್ಲಿ ಒಂದೂವರೆ ಮತ್ತು ಎರಡು ಪಟ್ಟು ವೇಗದಲ್ಲಿ ಕೇಳುವ ಸೌಲಭ್ಯ ಸೇರಿತು. ಹರಟೆಗೆ ಆ ವೇಗ ಪರವಾಗಿಲ್ಲ. ಆದರೆ ಅಳುವ ಗೆಳತಿಯ ಮಾತನ್ನು ಓಡಿಸಿ ಕೇಳಲು ನನಗೆ ಮನಸ್ಸು ಬರುವುದಿಲ್ಲ. ಅವಳು ತಡೆದು ನಿಂತ ಜಾಗಗಳೂ ಮಾತಿನ ಭಾಗವೇ ಅಲ್ಲವೇ?

ಆ ದಿನದ ನಂತರ ನಮ್ಮಿಬ್ಬರ ನಡುವೆ ಒಂದು ರೂಢಿ ಬೆಳೆಯಿತು. ನಂಬರು, ವಿಳಾಸ, ಸಮಯ, ದುಡ್ಡಿನ ಲೆಕ್ಕ, ಔಷಧಿಯ ಹೆಸರು ಎಲ್ಲವೂ ಬರಹದಲ್ಲೇ. ಉದ್ದನೆಯ ವಾಯ್ಸ್ ನೋಟ್ ಕಳಿಸುವುದಿದ್ದರೆ ಅದಕ್ಕೂ ಮೊದಲು ಒಂದು ಸಾಲು ಟೈಪ್ ಮಾಡಬೇಕು, ಒಳಗೇನಿದೆ, ಅರ್ಜೆಂಟಾ ಅಲ್ಲವಾ ಅಂತ. ಜನರ ನಡುವೆ ಇದ್ದರೆ ಫೋನನ್ನು ಕಿವಿಗೆ ಹಿಡಿದರೆ ಸಾಕು, ದನಿ ಸ್ಪೀಕರಿನಿಂದ ಇಯರ್‌ಪೀಸಿಗೆ ಬರುತ್ತದೆ, ಪಕ್ಕದವರಿಗೆ ಕೇಳುವುದಿಲ್ಲ. ಇದು ಆಸ್ಪತ್ರೆಯ ಬೆಂಚಿನ ಮೇಲೆ ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಅವಳ ಅಪ್ಪ ಮನೆಗೆ ಬಂದ ರಾತ್ರಿ ಮೊದಲು ಒಂದು ಸಾಲು ಬಂತು: ‘ಡಿಸ್ಚಾರ್ಜ್ ಆಯ್ತು. ಊಟ ಮಾಡಿದ್ರು. ಕೆಳಗಿರೋದು ಬರೀ ಹರಟೆ, ಬಿಡುವಾದಾಗ ಕೇಳು.’ ಅದರ ಕೆಳಗೆ 6:52. ಮರುದಿನ ಮಧ್ಯಾಹ್ನ ಅವರೆಕಾಯಿ ಸುಲಿಯುತ್ತ, ಮಾಮೂಲಿ ವೇಗದಲ್ಲೇ ಕೇಳಿದೆ. ಹಿನ್ನೆಲೆಯಲ್ಲಿ ಮಗು ಏನೋ ಬಡಿಯುತ್ತಿತ್ತು, ‘ಉಪ್ಪೇ ಇಲ್ಲ ಈ ಸಾರಿಗೆ’ ಅಂತ ಅವಳಪ್ಪ ಗೊಣಗುತ್ತಿದ್ದರು.